ಪಾಸ್‌ವರ್ಡ್ ಸರಿ, ಓಟಿಪಿ ಸರಿ, ಆದರೂ ಮತ್ತೆ ಲಾಗಿನ್ ಪುಟ: ಸಹಾಯವಾಣಿಗೆ ಫೋನ್ ಮಾಡುವ ಮೊದಲು ಬ್ರೌಸರ್ ನೋಡಿ

ಹಾಸನದಲ್ಲಿ ಕಂಪ್ಯೂಟರ್ ಸರ್ವಿಸ್ ಮಾಡುವ ನನಗೆ ಪದೇ ಪದೇ ಬರುವ ಫೋನ್ ಇದು: “ಸಾರ್, ಪಾಸ್‌ವರ್ಡ್ ತಗೊಳ್ತು, ಓಟಿಪಿನೂ ತಗೊಳ್ತು, ಒಂದ್ಸಲ ಪುಟ ಮಿಣಕ್ ಅಂತು, ಆಮೇಲೆ ನೋಡಿದ್ರೆ ಮತ್ತೆ ಅದೇ ಲಾಗಿನ್ ಪೇಜು.” ಫೋನ್ ಮಾಡುವ ಹೊತ್ತಿಗೆ ಅವರು ಪಾಸ್‌ವರ್ಡ್ ಎರಡು ಸಲ ಬದಲಾಯಿಸಿರುತ್ತಾರೆ, ಕೆಲವರ ಖಾತೆ ಲಾಕ್ ಆಗಿಯೂ ಹೋಗಿರುತ್ತದೆ. ಬಹಳ ಸಲ ತಪ್ಪು ಪಾಸ್‌ವರ್ಡಿನದಲ್ಲ, ಬ್ರೌಸರಿನದು. ಎಲ್ಲರಿಗೂ ಒಂದೇ ಉತ್ತರ ಹೇಳಿ ಹೇಳಿ ಸಾಕಾಗಿ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಮೇಲಿನಿಂದ ಕೆಳಗೆ ಇದೇ ಕ್ರಮದಲ್ಲಿ ಮಾಡಿ. ನಡುವಿನದನ್ನು ಮೊದಲು ಮಾಡಿದರೆ ಕಾರಣ ಯಾವುದೆಂದು ಗೊತ್ತಾಗದೆ ಹೋಗುತ್ತದೆ.

ಬೇಕಾಗುವುದು ಇಷ್ಟೇ: ತೊಂದರೆ ಕೊಡುತ್ತಿರುವ ಕಂಪ್ಯೂಟರ್, ಇಂಟರ್ನೆಟ್ ಇರುವ ಒಂದು ಮೊಬೈಲ್, ಒಂದು ಚೀಟಿ, ಪೆನ್ನು. ಚೀಟಿ ಯಾಕೆಂದು ಕೊನೆಯಲ್ಲಿ ಗೊತ್ತಾಗುತ್ತದೆ. ಹೆಚ್ಚಿನವರು ಕ್ರೋಮ್ ಬಳಸುವುದರಿಂದ ಅದನ್ನೇ ಹಿಡಿದು ಹೇಳುತ್ತೇನೆ. ಎಡ್ಜ್ ಬಹುಮಟ್ಟಿಗೆ ಹಾಗೆಯೇ ಇದೆ. ಫೈರ್‌ಫಾಕ್ಸ್ ಬೇರೆ ಇರುವ ಕಡೆ ಬೇರೆ ಹೇಳುತ್ತೇನೆ.

ಸುತ್ತು ಹೇಗೆ ಹುಟ್ಟುತ್ತದೆ

ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ಮೂಟೆ ತುಂಬಿದ ಲಾರಿ ಹೋಗುತ್ತದೆ ಅಂದುಕೊಳ್ಳಿ. ಗೇಟಿನಲ್ಲಿ ಕಾಗದಪತ್ರ ನೋಡಿ ಒಂದು ಗೇಟ್ ಪಾಸ್ ಬರೆದು ಕೊಡುತ್ತಾರೆ. ತೂಕದ ಕಡೆ ಹೋದರೆ ಅಲ್ಲಿನವನು ನಿಮ್ಮ ಮುಖ ನೋಡುವುದಿಲ್ಲ, ಪಾಸ್ ಕೇಳುತ್ತಾನೆ. ಪಾಸ್ ದಾರಿಯಲ್ಲಿ ಬಿದ್ದುಹೋಗಿದ್ದರೆ “ಗೇಟಿಗೆ ಹೋಗಿ ಬನ್ನಿ” ಅನ್ನುತ್ತಾನೆ. ಗೇಟಿನವನು ಇನ್ನೊಂದು ಬರೆದು ಕೊಡುತ್ತಾನೆ. ಜೇಬು ಹರಿದಿದ್ದರೆ ಅದೂ ಬೀಳುತ್ತದೆ. ಇಬ್ಬರೂ ತಮ್ಮ ಕೆಲಸ ಸರಿಯಾಗಿಯೇ ಮಾಡುತ್ತಿದ್ದಾರೆ, ಲಾರಿ ಮಾತ್ರ ಸುತ್ತುತ್ತಲೇ ಇರುತ್ತದೆ.

ವೆಬ್‌ಸೈಟಿನಲ್ಲಿ ಆ ಪಾಸಿನ ಹೆಸರು ಕುಕಿ. ಪಾಸ್‌ವರ್ಡ್ ಸರಿಯಿದ್ದರೆ ಸೈಟು ಒಂದು ಗುರುತಿನ ಸಂಖ್ಯೆಯನ್ನು ಬ್ರೌಸರಿಗೆ ಕೊಟ್ಟು, ಒಳಪುಟಕ್ಕೆ ಹೋಗು ಅನ್ನುತ್ತದೆ. ಹೀಗೆ ಒಂದು ವಿಳಾಸದಿಂದ ಇನ್ನೊಂದಕ್ಕೆ ತಾನಾಗಿ ಕಳಿಸುವುದೇ ರೀಡೈರೆಕ್ಟ್. ಒಳಪುಟ ತೆರೆಯುವಾಗ ಬ್ರೌಸರ್ ಆ ಕುಕಿಯನ್ನು ತೋರಿಸಬೇಕು. ತೋರಿಸದಿದ್ದರೆ, ಅಥವಾ ಹಳೆಯದೊಂದನ್ನು ತೋರಿಸಿದರೆ, ಒಳಪುಟಕ್ಕೆ ನೀವು ಯಾರೋ ಅಪರಿಚಿತರು. ಮತ್ತೆ ಲಾಗಿನ್ ಪುಟಕ್ಕೆ ಕಳಿಸುತ್ತದೆ. ಒಳಗೆ ನಡೆಯುವುದು ಹೀಗೆ:

```
POST  /login       302
GET   /dashboard   302
GET   /login       200
```

302 ಅಂದರೆ ‘ಬೇರೆ ಕಡೆ ಹೋಗು’. ಮೊದಲ ಸಾಲಿನಲ್ಲಿ ಪಾಸ್‌ವರ್ಡ್ ಒಪ್ಪಿಗೆಯಾಗಿ ಒಳಕ್ಕೆ ಕಳಿಸಿದೆ, ಎರಡನೆಯ ಸಾಲಿನಲ್ಲಿ ಒಳಪುಟ ವಾಪಸ್ ಅಟ್ಟಿದೆ. ಮೂರನೆಯದು ನಿಮ್ಮ ಕಣ್ಣಿಗೆ ಕಾಣುವ ಖಾಲಿ ಲಾಗಿನ್ ಪುಟ.

1. ಇದು ನಿಜಕ್ಕೂ ಸುತ್ತೇ ಎಂದು ಖಚಿತ ಮಾಡಿಕೊಳ್ಳಿ

ಮೊದಲು ಪಾಸ್‌ವರ್ಡ್ ಹಾಕುವುದನ್ನು ನಿಲ್ಲಿಸಿ. ಹತ್ತನೇ ಸಲಕ್ಕೆ ಸರಿಹೋಗುವ ಕಾಯಿಲೆ ಇದಲ್ಲ. ಮೇಲಿಂದ ಮೇಲೆ ಒತ್ತಿದರೆ ಕೆಲವು ಸೈಟುಗಳು ಖಾತೆಯನ್ನೇ ಲಾಕ್ ಮಾಡುತ್ತವೆ, ಓಟಿಪಿ ಕಳಿಸುವುದನ್ನೂ ನಿಲ್ಲಿಸುತ್ತವೆ. ಆಗ ಒಂದಿದ್ದ ತೊಂದರೆ ಎರಡಾಗುತ್ತದೆ.

ಈಗ ತಪ್ಪು ಪಾಸ್‌ವರ್ಡನ್ನು ಬೇಕೆಂದೇ ಒಂದು ಸಲ, ಒಂದೇ ಸಲ, ಹಾಕಿ ನೋಡಿ. ಕೆಂಪು ಅಕ್ಷರದಲ್ಲಿ ‘ತಪ್ಪು’ ಎಂದು ಬಂತೇ? ಸರಿಯಾದದ್ದನ್ನು ಹಾಕಿದಾಗ ಯಾವ ಬೈಗುಳವೂ ಇಲ್ಲದೆ ಖಾಲಿ ಪುಟ ಬಂತೇ? ಹಾಗಿದ್ದರೆ ಸೈಟು ನಿಮ್ಮ ಪಾಸ್‌ವರ್ಡನ್ನು ಒಪ್ಪಿದೆ, ಮುಂದಿನ ಹೆಜ್ಜೆಯಲ್ಲಿ ಏನೋ ಮುರಿದಿದೆ. ಇದು ಸುತ್ತು. ಖಾತೆ ಆಗಲೇ ಲಾಕಿನ ಅಂಚಿನಲ್ಲಿದ್ದರೆ ಈ ಪರೀಕ್ಷೆ ಬೇಡ. ಸುತ್ತು ಇನ್ನೂ ವೇಗವಾಗಿದ್ದರೆ ಬ್ರೌಸರೇ ಸೋತು, ಲಾಗಿನ್ ಪುಟದ ಬದಲು `ERR_TOO_MANY_REDIRECTS` ಎಂದು ತೋರಿಸುತ್ತದೆ. ಅದೂ ಇದೇ ಜಾತಿ.

ಸುತ್ತಿನಂತೆ ಕಂಡು ಸುತ್ತಲ್ಲದ್ದು ಎರಡಿವೆ. ಒಂದು, ಒಳಗೆ ಹೋಗಿ ಹತ್ತು ನಿಮಿಷ ಕೆಲಸ ಮಾಡಿದ ಮೇಲೆ ಹೊರಗೆ ಬೀಳುವುದು. ಅದು ಸಾಮಾನ್ಯವಾಗಿ ಅವಧಿ ಮುಗಿದದ್ದು. ಇನ್ನೊಂದು ನಮ್ಮ ಮಲೆನಾಡಿನ ಕಡೆಯದು: ಓಟಿಪಿಗಾಗಿ ಫೋನ್ ಹಿಡಿದು ಸಿಗ್ನಲ್ ಸಿಗುವ ದಿಣ್ಣೆ ಹತ್ತಿ, ಇಳಿದು ಬಂದು ಹಾಕುವಷ್ಟರಲ್ಲಿ ಪುಟದ ಗಡುವು ಮುಗಿದಿರುತ್ತದೆ. ಸೈಟು ಮೊದಲಿನಿಂದ ಶುರು ಮಾಡು ಅನ್ನುತ್ತದೆ. ಇದಕ್ಕೆ ಬ್ರೌಸರ್ ಕೆದಕಬೇಡಿ, ಸಿಗ್ನಲ್ ಇರುವ ಕಡೆ ಕೂತು ಲಾಗಿನ್ ಆಗಿ.

2. ಬುಕ್‌ಮಾರ್ಕ್ ಬಿಟ್ಟು ಮುಂಬಾಗಿಲಿನಿಂದ ಬನ್ನಿ

ಬಹಳ ಜನ ಲಾಗಿನ್ ಪುಟವನ್ನೇ ಬುಕ್‌ಮಾರ್ಕ್ ಮಾಡಿಟ್ಟಿರುತ್ತಾರೆ. ಆ ವಿಳಾಸದ ಬಾಲದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಉದ್ದಕ್ಕೆ ಅಕ್ಷರಗಳಿದ್ದರೆ, ಅದು ಅಂದಿನ ಆ ಒಂದು ಲಾಗಿನ್‌ಗೆ ಮಾತ್ರ ಹುಟ್ಟಿದ ಗುರುತಾಗಿರಬಹುದು. ಆರು ತಿಂಗಳ ಮೇಲೆ ಅದನ್ನೇ ತೆರೆದರೆ ಸೈಟಿಗೆ ಅದು ಗೊತ್ತೇ ಇರುವುದಿಲ್ಲ.

ಆ ಸೈಟಿನ ಟ್ಯಾಬುಗಳನ್ನೆಲ್ಲ ಮುಚ್ಚಿ. ಸೈಟಿನ ಮುಖ್ಯ ವಿಳಾಸವನ್ನು ಕೈಯಾರೆ, `https://` ಸೇರಿಸಿ, ಟೈಪ್ ಮಾಡಿ, ಅಲ್ಲಿಂದ ಲಾಗಿನ್ ಒತ್ತಿ. ಹಳೆಯ ಬುಕ್‌ಮಾರ್ಕ್ `http://` ಎಂದು ಶುರುವಾಗಿದ್ದರೂ ತೊಂದರೆ ಬರಬಹುದು, ಏಕೆಂದರೆ ಸುರಕ್ಷಿತ ಎಂದು ಗುರುತು ಹಾಕಿದ ಕುಕಿಯನ್ನು ಬ್ರೌಸರ್ ಅಲ್ಲಿ ತೋರಿಸುವುದಿಲ್ಲ. `www` ಇರುವ, ಇಲ್ಲದ ವಿಳಾಸಗಳೂ ಕುಕಿಯ ಮಟ್ಟಿಗೆ ಬೇರೆ ಬೇರೆ ಮನೆಗಳಾಗಿರಬಹುದು.

ಇಲ್ಲಿಗೆ ಸರಿಹೋದರೆ ಹೊಸ ಬುಕ್‌ಮಾರ್ಕ್ ಹಾಕಿಕೊಳ್ಳಿ, ಆದರೆ ಲಾಗಿನ್ ಪುಟದ್ದಲ್ಲ, ಮುಖಪುಟದ್ದು.

ಸರಿಹೋಗದಿದ್ದರೆ ಅದೇ ಖಾತೆಯಿಂದ ಮೊಬೈಲಿನಲ್ಲಿ, ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ, ಲಾಗಿನ್ ಆಗಿ ನೋಡಿ. ಅಲ್ಲಿ ಒಳಗೆ ಹೋದರೆ ಖಾತೆ ಚೆನ್ನಾಗಿದೆ, ಸೈಟೂ ನಡೆಯುತ್ತಿದೆ. ತೊಂದರೆ ನಿಮ್ಮ ಕಂಪ್ಯೂಟರಿನಲ್ಲೋ ನಿಮ್ಮ ನೆಟ್‌ನಲ್ಲೋ ಇದೆ. ಚೀಟಿಯಲ್ಲಿ ಬರೆದುಕೊಳ್ಳಿ: ‘ಮೊಬೈಲಿನಲ್ಲಿ ಆಗುತ್ತದೆ’ ಅಥವಾ ‘ಆಗುವುದಿಲ್ಲ’.

3. ಹೊಸ ಪ್ರೊಫೈಲಿನಲ್ಲಿ ಪರೀಕ್ಷಿಸಿ. ಇನ್‌ಕಾಗ್ನಿಟೋ ಸಾಲದು

ಎಲ್ಲರೂ ಹೇಳುವುದು ಇನ್‌ಕಾಗ್ನಿಟೋ ಕಿಟಕಿ ತೆರೆಯಿರಿ ಎಂದು. ನಾನು ಅದನ್ನು ಮೊದಲ ಪರೀಕ್ಷೆಯಾಗಿ ಹೇಳುವುದಿಲ್ಲ. ಅಲ್ಲಿ ಹಳೆಯ ಕುಕಿ ಇರುವುದಿಲ್ಲ, ಎಕ್ಸ್‌ಟೆನ್ಶನ್‌ಗಳು ನೀವಾಗಿ ಅನುಮತಿ ಕೊಡದಿದ್ದರೆ ನಡೆಯುವುದಿಲ್ಲ. ಇಷ್ಟು ಒಳ್ಳೆಯದೇ. ಆದರೆ ಕ್ರೋಮ್ ಅಲ್ಲಿ ಮೂರನೆಯವರ ಕುಕಿಗಳನ್ನು ತಾನಾಗಿಯೇ ತಡೆಯುತ್ತದೆ. ಮೂರನೆಯವರ ಕುಕಿ ಅಂದರೆ ನೀವು ತೆರೆದಿರುವ ಸೈಟಿನದಲ್ಲದ, ಆ ಪುಟದೊಳಗೆ ಕೂತಿರುವ ಇನ್ನೊಂದು ಸೈಟಿನ ಕುಕಿ. ಲಾಗಿನ್ ಕೆಲಸವನ್ನು ಇನ್ನೊಂದು ಸೈಟಿಗೆ ವಹಿಸಿದ ಕೆಲವು ಪೋರ್ಟಲ್‌ಗಳಿಗೆ ಅದು ಬೇಕು. ಹಾಗಾಗಿ ಇನ್‌ಕಾಗ್ನಿಟೋದಲ್ಲಿ ಲಾಗಿನ್ ಆದರೆ ಅದು ಒಳ್ಳೆಯ ಸುಳಿವು. ಆಗದಿದ್ದರೆ ಅದರಿಂದ ಏನೂ ತೀರ್ಮಾನವಾಗುವುದಿಲ್ಲ. ಈ ಎರಡನೆಯದನ್ನು ಮರೆತು ‘ಇನ್‌ಕಾಗ್ನಿಟೋದಲ್ಲೂ ಇಲ್ಲ, ಹಾಗಾಗಿ ಸೈಟೇ ಕೆಟ್ಟಿದೆ’ ಎಂದು ದೂರು ಬರೆದವರನ್ನು ನೋಡಿದ್ದೇನೆ.

ಹೊಸ ಪ್ರೊಫೈಲ್ ಅಂದರೆ ಅದೇ ಕ್ರೋಮಿನಲ್ಲಿ ಬೇರೊಬ್ಬರಿಗೆ ಎಂಬಂತೆ ತೆರೆದ ಖಾಲಿ ಮನೆ. ಬಲ ಮೇಲ್ಮೂಲೆಯ ನಿಮ್ಮ ಚಿತ್ರದ ಗುಂಡಿ ಒತ್ತಿ, ಹೊಸ ಪ್ರೊಫೈಲ್ ಸೇರಿಸುವ ಆಯ್ಕೆ ಹಿಡಿಯಿರಿ. ಗೂಗಲ್ ಖಾತೆ ಕೇಳಿದಾಗ ಖಾತೆ ಇಲ್ಲದೆಯೇ ಮುಂದುವರಿಯಿರಿ. ಎಡವುವುದು ಇಲ್ಲೇ. ಖಾತೆ ಹಾಕಿ ಸಿಂಕ್ ಆನ್ ಮಾಡಿದಿರೋ, ಹಳೆಯ ಎಕ್ಸ್‌ಟೆನ್ಶನ್‌ಗಳೆಲ್ಲ ಒಂದೊಂದಾಗಿ ಹೊಸ ಮನೆಗೂ ಬಂದು ಕೂರುತ್ತವೆ, ಪರೀಕ್ಷೆ ಹಾಳು.

ಫೈರ್‌ಫಾಕ್ಸಿನವರು ವಿಳಾಸದ ಜಾಗದಲ್ಲಿ `about:profiles` ಎಂದು ಕೊಟ್ಟು ಹೊಸದನ್ನು ಮಾಡಿಕೊಳ್ಳಬಹುದು.

ಹೊಸ ಪ್ರೊಫೈಲಿನಲ್ಲಿ ಒಳಗೆ ಹೋದಿರಾ? ತೊಂದರೆ ಹಳೆಯ ಪ್ರೊಫೈಲಿನ ಎಕ್ಸ್‌ಟೆನ್ಶನ್, ಕುಕಿ, ಸೆಟ್ಟಿಂಗ್ ಈ ಮೂರರಲ್ಲಿ ಒಂದು. ಅವಸರದ ಕೆಲಸವಿದ್ದರೆ ಈಗ ಇಲ್ಲೇ ಮುಗಿಸಿಕೊಳ್ಳಿ, ರಿಪೇರಿ ಆಮೇಲೆ. ಹೊಸದರಲ್ಲೂ ಸುತ್ತುತ್ತಿದ್ದರೆ 4 ಮತ್ತು 5ನ್ನು ಬಿಟ್ಟು ನೇರ 6ಕ್ಕೆ ಹೋಗಿ.

4. ಎಕ್ಸ್‌ಟೆನ್ಶನ್: ಅರ್ಧರ್ಧ ಮಾಡಿ ಹಿಡಿಯಿರಿ

ಎಕ್ಸ್‌ಟೆನ್ಶನ್ ಅಂದರೆ ಬ್ರೌಸರಿಗೆ ಹೊರಗಿನಿಂದ ಸೇರಿಸಿದ ಸಣ್ಣ ಪ್ರೋಗ್ರಾಂ. ಜಾಹೀರಾತು ತಡೆಯುವುದು, ಕುಕಿ ಒಪ್ಪಿಗೆಯ ಪೆಟ್ಟಿಗೆ ಮುಚ್ಚುವುದು, ಪಿಡಿಎಫ್ ಮಾಡುವುದು, ಕೂಪನ್ ಹುಡುಕುವುದು, ಹೀಗೆ. ಲಾಗಿನ್ ಕೆಡಿಸುವುದು ಮುಖ್ಯವಾಗಿ ಎರಡು ಬಗೆಯವು. ಟ್ಯಾಬ್ ಮುಚ್ಚಿದೊಡನೆ ಅಥವಾ ಸೈಟು ಬದಲಾದೊಡನೆ ಕುಕಿ ಅಳಿಸುವವು ಮೊದಲ ಬಗೆ. ಲಾಗಿನ್ ಒಂದು ವಿಳಾಸದಲ್ಲಿ, ಕೆಲಸ ಇನ್ನೊಂದರಲ್ಲಿ ಇದ್ದರೆ ದಾಟುವ ಹೊತ್ತಿಗೆ ಪಾಸ್ ಹರಿದಿರುತ್ತದೆ. ಎರಡನೆಯದು ಸ್ಕ್ರಿಪ್ಟ್ ತಡೆಯುವವು. ಸ್ಕ್ರಿಪ್ಟ್ ಅಂದರೆ ಪುಟದೊಳಗೆ ಓಡುವ ಪ್ರೋಗ್ರಾಂ. ಕಡತದ ಹೆಸರು ಅಥವಾ ವಿಳಾಸ ತಡೆಪಟ್ಟಿಯ ಯಾವುದೋ ಸಾಲಿಗೆ ಹೊಂದಿಬಿಟ್ಟರೆ, ಲಾಗಿನ್‌ಗೆ ಬೇಕಾದ ಸ್ಕ್ರಿಪ್ಟನ್ನೂ ಅದು ಜಾಹೀರಾತೆಂದೇ ತಡೆಯುತ್ತದೆ.

ವಿಳಾಸದ ಜಾಗದಲ್ಲಿ ಇದನ್ನು ಕೊಡಿ:

```
chrome://extensions
```

ಎಲ್ಲವನ್ನೂ ಆಫ್ ಮಾಡಿ. `Remove` ಒತ್ತಬೇಡಿ, ಬಲಗಡೆಯ ಸ್ವಿಚ್ಚನ್ನಷ್ಟೇ ಒತ್ತಿ. ತೆಗೆದುಹಾಕಿದರೆ ಅದರ ಸೆಟ್ಟಿಂಗ್‌ಗಳು ಹೋಗುತ್ತವೆ. ಸೈಟಿನ ಟ್ಯಾಬ್ ಮುಚ್ಚಿ, ಹೊಸ ಟ್ಯಾಬಿನಲ್ಲಿ ಮುಖಪುಟದಿಂದ ಲಾಗಿನ್ ಆಗಿ. ಫೈರ್‌ಫಾಕ್ಸಿನಲ್ಲಿ ಇದಕ್ಕೆ ಸುಲಭದ ದಾರಿಯಿದೆ: ಮೆನುವಿನ `Help` ಒಳಗಿನ `Troubleshoot Mode` ಎಲ್ಲವನ್ನೂ ಒಂದೇ ಏಟಿಗೆ ನಿಲ್ಲಿಸಿ ತೆರೆಯುತ್ತದೆ.

ಒಳಗೆ ಹೋದರೆ ಕಳ್ಳ ಇಲ್ಲೇ ಇದ್ದಾನೆ. ಎಂಟು ಇದ್ದರೆ ನಾಲ್ಕನ್ನು ಆನ್ ಮಾಡಿ, ಲಾಗ್ ಔಟ್ ಆಗಿ, ಮತ್ತೆ ಲಾಗಿನ್ ಆಗಿ ನೋಡಿ. ಸುತ್ತು ಬಂದರೆ ಆ ನಾಲ್ಕರಲ್ಲಿದೆ, ಬರದಿದ್ದರೆ ಉಳಿದ ನಾಲ್ಕರಲ್ಲಿ. ಮತ್ತೆ ಎರಡು, ಮತ್ತೆ ಒಂದು. ಎಂಟಕ್ಕೆ ಮೂರು ಸಲ ನೋಡಿದರೆ ಸಾಕು. ಪ್ರತಿ ಸಲ ಲಾಗ್ ಔಟ್ ಆಗಲೇಬೇಕು, ಇಲ್ಲದಿದ್ದರೆ ಮೊದಲೇ ಸಿಕ್ಕ ಪಾಸಿನ ಮೇಲೆ ಒಳಗಿದ್ದು ‘ಸರಿ ಇದೆ’ ಅಂದುಕೊಳ್ಳುತ್ತೀರಿ.

ಸಿಕ್ಕಿದ್ದು ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಆಗಿದ್ದರೆ ತೆಗೆದುಹಾಕಬೇಕಿಲ್ಲ, ಆ ಸೈಟಿಗೆ ಮಾತ್ರ ನಿಲ್ಲಿಸಿದರಾಯಿತು. ಆದರೆ ಇಲ್ಲೂ ಒಂದು ಹಳ್ಳವಿದೆ. ನೀವು ನಿಲ್ಲಿಸುವುದು ಒಳಪುಟದ ವಿಳಾಸಕ್ಕೆ. ಲಾಗಿನ್ ಪುಟ ಬೇರೆ ವಿಳಾಸದಲ್ಲಿದ್ದರೆ ಅಲ್ಲಿ ಅದು ಇನ್ನೂ ಕೆಲಸ ಮಾಡುತ್ತಲೇ ಇರುತ್ತದೆ. ಲಾಗಿನ್ ಪುಟದಲ್ಲಿದ್ದಾಗ ಒಮ್ಮೆ, ಒಳಪುಟದಲ್ಲಿದ್ದಾಗ ಒಮ್ಮೆ, ಎರಡೂ ಕಡೆ ನಿಲ್ಲಿಸಬೇಕು. ‘ಆಫ್ ಮಾಡಿದೆ, ಆದರೂ ಆಗಲಿಲ್ಲ’ ಅನ್ನುವವರಲ್ಲಿ ಹೆಚ್ಚಿನವರು ಒಂದೇ ಕಡೆ ಮಾಡಿರುತ್ತಾರೆ.

ಆಫೀಸಿನ ಕಂಪ್ಯೂಟರಿನಲ್ಲಿ ಕೆಲವು ಎಕ್ಸ್‌ಟೆನ್ಶನ್‌ಗಳ ಸ್ವಿಚ್ ಒತ್ತಲು ಬರದಿದ್ದರೆ ಅವನ್ನು ನಿಮ್ಮ ಸಂಸ್ಥೆಯವರು ಹಾಕಿದ್ದಾರೆ ಎಂದರ್ಥ. ಅದನ್ನು ಅವರಿಗೇ ಹೇಳಿ.

5. ಆ ಒಂದು ಸೈಟಿನ ಕುಕಿ ಮಾತ್ರ ಅಳಿಸಿ

ಎಕ್ಸ್‌ಟೆನ್ಶನ್ ಎಲ್ಲ ಆಫ್ ಇದ್ದರೂ ಸುತ್ತುತ್ತಿದೆ, ಹೊಸ ಪ್ರೊಫೈಲಿನಲ್ಲಿ ಮಾತ್ರ ಆಗುತ್ತದೆ ಅಂದರೆ ಹಳೆಯ ಕುಕಿಯ ಮೇಲೆ ಅನುಮಾನ. ಇದನ್ನು ಒಂದು ನಿಜವಾದ ಪ್ರಕರಣದಲ್ಲೇ ನೋಡೋಣ.

ಸಕಲೇಶಪುರದ ಆಚೆಯ ಒಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಫೋನ್ ಮಾಡಿದ್ದರು. ಆಳುಗಳ ಸಂಬಳದ ಲೆಕ್ಕ ಹಾಕುವ ಆನ್‌ಲೈನ್ ಪೋರ್ಟಲ್. ಹಿಂದಿನ ವಾರದವರೆಗೆ ಚೆನ್ನಾಗಿತ್ತು, ಹೊಸ ವಿನ್ಯಾಸ ಬಂದ ದಿನದಿಂದ ಸುತ್ತು. ಮೊಬೈಲಿನಲ್ಲಿ ಆಗುತ್ತಿತ್ತು. ಹೊಸ ಪ್ರೊಫೈಲಿನಲ್ಲೂ ಆಯಿತು. ಆರು ಎಕ್ಸ್‌ಟೆನ್ಶನ್ ಇದ್ದವು, ಆರನ್ನೂ ನಿಲ್ಲಿಸಿದರೂ ಸುತ್ತು ನಿಲ್ಲಲಿಲ್ಲ. “ಹಿಸ್ಟರಿ ಎಲ್ಲ ಕ್ಲಿಯರ್ ಮಾಡಿದೀನಿ ಸಾರ್” ಅಂದರು. ಯಾವ ಅವಧಿಯದು ಎಂದು ಕೇಳಿದೆ. “ಲಾಸ್ಟ್ ಅವರ್ ಅಂತಿತ್ತು, ಅದನ್ನೇ ಒತ್ತಿದೆ.”

ಅಲ್ಲೇ ಇತ್ತು ಗಂಟು. ಲಾಗಿನ್ ಪುಟದಲ್ಲಿ F12 ಒತ್ತಿ, `Application` ಎಂಬ ಭಾಗದಲ್ಲಿ ಎಡಗಡೆ `Cookies` ತೆರೆದಾಗ ಒಂದೇ ಹೆಸರಿನ ಕುಕಿ ಎರಡು ಸಾಲಿನಲ್ಲಿ ಕಂಡಿತು. ಸೈಟಿನ ನಿಜವಾದ ಹೆಸರಿನ ಬದಲು ಇಲ್ಲಿ `example.com` ಎಂದು ಬರೆದಿದ್ದೇನೆ:

```
SID   app.example.com
SID   .example.com
```

ಮೊದಲನೆಯದು ಹಳೆಯ ವಿನ್ಯಾಸ ಕೊಟ್ಟದ್ದು, ಒಳಪುಟದ ವಿಳಾಸಕ್ಕೆ ಮಾತ್ರ. ಎರಡನೆಯದು ಹೊಸ ವಿನ್ಯಾಸ ಕೊಟ್ಟದ್ದು, ಇಡೀ ಮನೆಗೆ. ವಿಳಾಸ ಬೇರೆಯಾದ್ದರಿಂದ ಹೊಸದು ಹಳೆಯದರ ಮೇಲೆ ಕೂರುವುದಿಲ್ಲ, ಪಕ್ಕದಲ್ಲಿ ಕೂರುತ್ತದೆ. ಒಳಪುಟ ಕೇಳಿದಾಗ ಬ್ರೌಸರ್ ಎರಡನ್ನೂ ತೋರಿಸುತ್ತದೆ:

```
Cookie: SID=old111; SID=new222
```

ಕುಕಿಗಳ ನಿಯಮ ಬರೆದಿಟ್ಟಿರುವ 2011ರ ದಾಖಲೆ, ಅಂದರೆ RFC 6265, ಹೇಳುವ ಪ್ರಕಾರ, ಸೈಟಿನ ಯಾವ ಭಾಗಕ್ಕೆಂದು ಕುಕಿಯಲ್ಲಿ ಬರೆದಿರುವ ದಾರಿಯ ಉದ್ದ ಒಂದೇ ಆಗಿದ್ದರೆ ಮೊದಲು ಹುಟ್ಟಿದ ಕುಕಿಯನ್ನು ಮೊದಲು ಕಳಿಸಬೇಕು. ಸರ್ವರ್ ಆ ಕ್ರಮವನ್ನು ನಂಬಬಾರದು ಎಂದೂ ಅದೇ ದಾಖಲೆ ಹೇಳುತ್ತದೆ, ಆದರೆ ನಂಬುವ ಸರ್ವರ್‌ಗಳಿಗೇನೂ ಕಡಿಮೆಯಿಲ್ಲ. ಈ ಪೋರ್ಟಲ್ ಮೊದಲನೆಯದನ್ನಷ್ಟೇ ಓದುತ್ತಿತ್ತು. ಅದು ಸತ್ತ ಪಾಸ್. ಗೇಟಿಗೆ ಕಳಿಸಿತು, ಗೇಟಿನವನು ಹೊಸ ಪಾಸ್ ಕೊಟ್ಟ, ಜೇಬಿನ ಮೇಲ್ಗಡೆ ಇರುವುದು ಮಾತ್ರ ಹಳೆಯದೇ. ನೂರು ಸಲ ಲಾಗಿನ್ ಆದರೂ ಬದಲಾಗದು. ರೈಟರು ಕೊನೆಯ ಒಂದು ಗಂಟೆಯದನ್ನು ಅಳಿಸಿದಾಗ ಹೋದದ್ದು ಹೊಸ ಕುಕಿ, ಉಳಿದದ್ದು ಕೆಡಿಸುತ್ತಿದ್ದ ಹಳೆಯದು!

ನಿಮಗೆ F12 ಬೇಡವಾದರೆ ನೋಡದೆಯೂ ಅಳಿಸಬಹುದು. ಕ್ರೋಮಿನಲ್ಲಿ ಹೀಗೆ:

```
chrome://settings/content/all
```

ಮೇಲಿನ ಹುಡುಕುವ ಜಾಗದಲ್ಲಿ ಸೈಟಿನ ಹೆಸರಿನ ಮುಖ್ಯ ಭಾಗವನ್ನು ಕೊಡಿ. ಬಂದ ಸಾಲಿನ ಮುಂದಿನ ಕಸದಬುಟ್ಟಿ ಒತ್ತಿ. ಲಾಗಿನ್ ಪುಟ ಪೂರ್ತಿ ಬೇರೆ ಹೆಸರಿನ ಸೈಟಿನಲ್ಲಿದ್ದರೆ ಅದನ್ನೂ ಹುಡುಕಿ ಅಳಿಸಿ. ಲಾಗಿನ್ ಒತ್ತಿದ ಮೇಲೆ ವಿಳಾಸದ ಜಾಗ ಯಾವ ಯಾವ ಹೆಸರಿಗೆ ಬದಲಾಗುತ್ತದೆಂದು ಒಮ್ಮೆ ಗಮನಿಸಿ ಚೀಟಿಯಲ್ಲಿ ಬರೆದುಕೊಂಡರೆ ಇದು ಸುಲಭ. ಅಳಿಸುವ ಮೊದಲು ಆ ಸೈಟಿನ ಟ್ಯಾಬುಗಳು ಮುಚ್ಚಿರಲಿ, ತೆರೆದಿರುವ ಟ್ಯಾಬ್ ಅದೇ ಕ್ಷಣ ಮತ್ತೆ ಕುಕಿ ಬರೆದುಬಿಡಬಹುದು.

ಇದರಿಂದ ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್ ಹೋಗುವುದಿಲ್ಲ. ಆ ಸೈಟು ನಿಮ್ಮ ಕಂಪ್ಯೂಟರಿನಲ್ಲೇ ಇಟ್ಟಿದ್ದ, ಇನ್ನೂ ಕಳಿಸದ ಕರಡು ಇದ್ದರೆ ಅದು ಹೋಗುತ್ತದೆ. ‘ಈ ಸಾಧನ ನೆನಪಿಡು’ ಎಂದು ಕೊಟ್ಟಿದ್ದರೆ ಅದೂ ಹೋಗಿ ಮತ್ತೆ ಓಟಿಪಿ ಕೇಳುತ್ತದೆ.

ಎಲ್ಲಾ ಸೈಟುಗಳ ಎಲ್ಲಾ ಕುಕಿ ಅಳಿಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಇಲಿ ಹಿಡಿಯಲು ಮನೆಗೆ ಬೆಂಕಿ ಇಟ್ಟ ಹಾಗೆ: ಹತ್ತು ಕಡೆ ಲಾಗ್ ಔಟ್ ಆಗಿ, ಹತ್ತು ಪಾಸ್‌ವರ್ಡ್ ನೆನಪಿಸಿಕೊಳ್ಳಬೇಕು. ಇನ್ನು Ctrl+F5 ಒತ್ತುವುದು, ‘ಕ್ಯಾಶೆ’ ಮಾತ್ರ ಖಾಲಿ ಮಾಡುವುದು, ಇವು ಪುಟದ ಚಿತ್ರ, ಸ್ಕ್ರಿಪ್ಟುಗಳನ್ನು ಹೊಸದಾಗಿ ತರುತ್ತವೆ ಅಷ್ಟೇ, ಕುಕಿಯನ್ನು ಮುಟ್ಟುವುದಿಲ್ಲ.

ರೈಟರ ಲ್ಯಾಪ್‌ಟಾಪಿನಲ್ಲಿ ಕಸದಬುಟ್ಟಿ ಒತ್ತಿದ ಮೇಲೆ ಮೊದಲ ಯತ್ನದಲ್ಲೇ ಒಳಗೆ ಹೋಯಿತು. ಆರು ಎಕ್ಸ್‌ಟೆನ್ಶನ್ ಮತ್ತೆ ಆನ್ ಮಾಡಿ, ಲಾಗ್ ಔಟ್ ಆಗಿ ಇನ್ನೊಮ್ಮೆ ನೋಡಿದೆವು. ಆಗಲೂ ಸರಿ. ಈ ಎರಡನೆಯ ಪರೀಕ್ಷೆ ಬಿಡಬೇಡಿ.

6. ಏನೋ ತಡೆಯುತ್ತಿದೆಯೇ ನೋಡಿ

ಹೊಸ ಪ್ರೊಫೈಲಿನಲ್ಲೂ ಆಗದಿದ್ದವರು, ಕುಕಿ ಅಳಿಸಿಯೂ ಆಗದವರು ಇಲ್ಲಿಗೆ ಬನ್ನಿ.

ಹಳೆಯ ಪ್ರೊಫೈಲಿನಲ್ಲಿ `chrome://settings/cookies` ತೆರೆದು, ಮೂರನೆಯವರ ಕುಕಿಗಳನ್ನು ಪೂರ್ತಿ ತಡೆಯಲು ಹೇಳಿದ್ದೀರಾ ನೋಡಿ. ಯಾರೋ ‘ಸುರಕ್ಷತೆಗೆ ಒಳ್ಳೆಯದು’ ಎಂದು ಹೇಳಿ ಹಾಕಿಸಿರುತ್ತಾರೆ. ತೆಗೆಯುವುದು ಬೇಡ, ಅದೇ ಪುಟದಲ್ಲಿ ಕೆಳಗೆ ಈ ಸೈಟಿಗೆ ಮಾತ್ರ ಅನುಮತಿ ಸೇರಿಸಿ. ಐಫೋನ್, ಮ್ಯಾಕ್‌ನ ಸಫಾರಿ 2020ರಿಂದಲೇ ಇವನ್ನು ತಾನಾಗಿಯೇ ತಡೆಯುತ್ತದೆ. ಆದ್ದರಿಂದ ‘ಕ್ರೋಮಿನಲ್ಲಿ ಆಗುತ್ತದೆ, ಸಫಾರಿಯಲ್ಲಿ ಸುತ್ತು’ ಎಂದರೆ ಇದೇ ಮೊದಲ ಅನುಮಾನ. ಫೈರ್‌ಫಾಕ್ಸಿನಲ್ಲಿ ವಿಳಾಸದ ಎಡಕ್ಕಿರುವ ಗುರಾಣಿ ಗುರುತು ಒತ್ತಿ ಆ ಸೈಟಿಗೆ ರಕ್ಷಣೆ ನಿಲ್ಲಿಸಿ ನೋಡಬಹುದು. ಲಾಗಿನ್ ಆದರೆ ಕಾರಣ ಗೊತ್ತಾಯಿತು.

ಲಾಗಿನ್ ಗುಂಡಿ ಒತ್ತಿದರೂ ಏನೂ ಆಗುತ್ತಿಲ್ಲ, ಅಥವಾ ‘ನಾನು ರೋಬೋಟ್ ಅಲ್ಲ’ ಎಂಬ ಪೆಟ್ಟಿಗೆಯೇ ಕಾಣುತ್ತಿಲ್ಲ ಎಂದರೆ ಸ್ಕ್ರಿಪ್ಟನ್ನು ಏನೋ ತಡೆದಿರಬಹುದು. `chrome://settings/content/javascript` ತೆರೆದು ಆ ಸೈಟು ತಡೆದ ಪಟ್ಟಿಯಲ್ಲಿದೆಯೇ ನೋಡಿ. ಇಲ್ಲದಿದ್ದರೆ F12 ಒತ್ತಿ `Console` ಭಾಗದಲ್ಲಿ ಕೆಂಪು ಸಾಲುಗಳನ್ನು ಓದಿ. ಈ ಸಾಲು ಕಂಡರೆ:

```
net::ERR_BLOCKED_BY_CLIENT
```

ತಡೆದದ್ದು ಸೈಟಲ್ಲ, ನಿಮ್ಮ ಬ್ರೌಸರಿನೊಳಗಿನ ಏನೋ ಒಂದು, ಹೆಚ್ಚಾಗಿ ಎಕ್ಸ್‌ಟೆನ್ಶನ್. ಹಿಂದಿನ 4ಕ್ಕೆ ವಾಪಸ್ ಹೋಗಿ. ಜಾಹೀರಾತು ತಡೆಯುವವರಿಗೆ ಇಂಥ ಸಾಲುಗಳು ಎಲ್ಲ ಸೈಟಿನಲ್ಲೂ ಒಂದಷ್ಟು ಇದ್ದೇ ಇರುತ್ತವೆ, ಆದ್ದರಿಂದ ಕಂಡ ಮಾತ್ರಕ್ಕೆ ಗಾಬರಿ ಬೇಡ. ಆಫ್ ಮಾಡಿದಾಗ ಸುತ್ತು ನಿಲ್ಲುತ್ತದೆಯೇ ಎಂಬುದೇ ಸಾಕ್ಷಿ. ಇದೇ ಜಾಗದಲ್ಲಿ ಯಾರೋ ಕಳಿಸಿದ ಕೋಡನ್ನು ಅಂಟಿಸಿ ಎಂದರೆ ಯಾವ ಕಾರಣಕ್ಕೂ ಅಂಟಿಸಬೇಡಿ. ನಿಮ್ಮ ಖಾತೆಯ ಪಾಸನ್ನೇ ಕದಿಯಲು ಅದು ಸಾಕು.

ಕೊನೆಯದಾಗಿ ನೆಟ್. ಮನೆಯ ರೂಟರಿನಲ್ಲೋ ಆಂಟಿವೈರಸ್‌ನಲ್ಲೋ ಜಾಹೀರಾತು ತಡೆ ಇದ್ದರೆ ಬ್ರೌಸರಿನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಕಂಪ್ಯೂಟರನ್ನು ಮೊಬೈಲಿನ ಹಾಟ್‌ಸ್ಪಾಟಿಗೆ ಹಾಕಿ ಅದೇ ಹೊಸ ಪ್ರೊಫೈಲಿನಲ್ಲಿ ನೋಡಿ. ಅಲ್ಲಿ ಆದರೆ ತಡೆ ರೂಟರ್ ಕಡೆಯದು.

ಹಳೆಯ ಡೆಸ್ಕ್‌ಟಾಪಿನವರು ಗಡಿಯಾರವನ್ನೂ ಒಮ್ಮೆ ನೋಡಿ. ಮದರ್‌ಬೋರ್ಡಿನ CR2032 ಬ್ಯಾಟರಿ ಸತ್ತಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ದಿನಾಂಕ ಹಿಂದಕ್ಕೆ ಹೋಗುತ್ತದೆ. ಆಗ ಸಾಮಾನ್ಯವಾಗಿ ಸುತ್ತಿಗಿಂತ ಮೊದಲೇ ಕ್ರೋಮ್ ‘ನಿಮ್ಮ ಗಡಿಯಾರ ಹಿಂದಿದೆ’ ಎಂದು ಸೈಟನ್ನೇ ತೆರೆಯದೆ ನಿಲ್ಲುತ್ತದೆ.

7. ಈಗ ಸಹಾಯವಾಣಿಗೆ ಬರೆಯಿರಿ

ಎರಡು ಬೇರೆ ಬ್ರೌಸರ್, ಅವುಗಳಲ್ಲಿ ಹೊಸ ಪ್ರೊಫೈಲ್, ಎರಡು ಬೇರೆ ನೆಟ್, ಎಲ್ಲದರಲ್ಲೂ ಸುತ್ತು ಬಂದರೆ ತೊಂದರೆ ಅವರ ಕಡೆಯದು, ಇಲ್ಲವೇ ನಿಮ್ಮ ಖಾತೆಯದು. ಇನ್ನು ನೀವು ಮಾಡುವಂಥದ್ದೇನೂ ಇಲ್ಲ. ‘ಲಾಗಿನ್ ಆಗುತ್ತಿಲ್ಲ’ ಎಂದಷ್ಟೇ ಬರೆದರೆ ‘ಕುಕಿ ಅಳಿಸಿ ನೋಡಿ’ ಎಂಬ ಸಿದ್ಧ ಉತ್ತರ ಬರುತ್ತದೆ, ಅದಕ್ಕೆ ಎರಡು ದಿನ. ಚೀಟಿಯಲ್ಲಿ ಬರೆದುಕೊಂಡದ್ದು ಈಗ ಕೆಲಸಕ್ಕೆ ಬರುತ್ತದೆ. ಹೀಗೆ ಬರೆಯಿರಿ:

“ಇವತ್ತು ಬೆಳಿಗ್ಗೆ 10:42ಕ್ಕೆ ಲಾಗಿನ್ ಆದೆ. ಪಾಸ್‌ವರ್ಡ್, ಓಟಿಪಿ ಒಪ್ಪಿಗೆಯಾದವು, ತಪ್ಪಿನ ಸಂದೇಶ ಬರಲಿಲ್ಲ, ಮತ್ತೆ ಖಾಲಿ ಲಾಗಿನ್ ಪುಟ ಬಂತು. ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡರಲ್ಲೂ, ಎಕ್ಸ್‌ಟೆನ್ಶನ್ ಇಲ್ಲದ ಹೊಸ ಪ್ರೊಫೈಲಿನಲ್ಲಿ, ಮನೆಯ ಬ್ರಾಡ್‌ಬ್ಯಾಂಡ್ ಮತ್ತು ಮೊಬೈಲ್ ಡೇಟಾ ಎರಡರಲ್ಲೂ ಹೀಗೇ. ನಮ್ಮ ಆಫೀಸಿನ ಇನ್ನೊಬ್ಬರ ಖಾತೆ ಇದೇ ಕಂಪ್ಯೂಟರಿನಲ್ಲಿ ತೆರೆಯುತ್ತದೆ.”

ಸಮಯವನ್ನು ನಿಮಿಷದ ಮಟ್ಟಿಗೆ ಬರೆಯಿರಿ, ಅವರ ಸರ್ವರ್ ದಾಖಲೆಯಲ್ಲಿ ನಿಮ್ಮನ್ನು ಹುಡುಕುವುದು ಅದರಿಂದಲೇ. ಬ್ರೌಸರಿನ ಆವೃತ್ತಿ `chrome://version` ಪುಟದ ಮೊದಲ ಸಾಲಿನಲ್ಲಿರುತ್ತದೆ, ಅದನ್ನೂ ಸೇರಿಸಿ. ಸುತ್ತು ನಿಂತ ಪುಟದ ವಿಳಾಸ ಕೊಡುವಾಗ ಪ್ರಶ್ನಾರ್ಥಕ ಚಿಹ್ನೆಯಿಂದಾಚೆಗಿನ ಬಾಲ ಕತ್ತರಿಸಿ. ಸ್ಕ್ರೀನ್‌ಶಾಟಿನಲ್ಲಿ ಓಟಿಪಿ ಕಾಣದಿರಲಿ.

ಕೆಲವು ತಾಂತ್ರಿಕ ತಂಡಗಳು HAR ಕಡತ ಕೇಳುತ್ತವೆ. ಅದು ಬ್ರೌಸರ್ ಮತ್ತು ಸೈಟಿನ ನಡುವೆ ನಡೆದ ಮಾತುಕತೆಯ ಪೂರ್ತಿ ದಾಖಲೆ. ಅದರಲ್ಲಿ ನಿಮ್ಮ ಕುಕಿ, ಕೆಲವೊಮ್ಮೆ ಟೈಪ್ ಮಾಡಿದ ಪಾಸ್‌ವರ್ಡೂ ಇರಬಹುದು. ಸೈಟಿನದೇ ದೂರಿನ ಪುಟದ ಮೂಲಕ ಕೇಳಿದರೆ ಮಾತ್ರ ಕೊಡಿ, ವಾಟ್ಸಾಪಿನಲ್ಲಿ ಬೇಡ, ಕೊಟ್ಟ ಮೇಲೆ ಎಲ್ಲ ಸಾಧನಗಳಿಂದ ಲಾಗ್ ಔಟ್ ಆಗಿ ಪಾಸ್‌ವರ್ಡ್ ಬದಲಾಯಿಸಿ.

ಸಹಾಯವಾಣಿಯ ನಂಬರನ್ನು ಹುಡುಕಾಟದ ಫಲಿತಾಂಶದಿಂದ ಎತ್ತಿಕೊಳ್ಳಬೇಡಿ. ಸೈಟಿನ ‘ಸಂಪರ್ಕಿಸಿ’ ಪುಟದಲ್ಲಿ ಇರುವುದಕ್ಕೇ ಮಾಡಿ; ಆ ಪುಟ ಸಾಮಾನ್ಯವಾಗಿ ಲಾಗಿನ್ ಇಲ್ಲದೆಯೂ ತೆರೆಯುತ್ತದೆ. ಆ ಕಡೆಯವರು ಓಟಿಪಿ ಕೇಳಿದರೆ, ಇಲ್ಲವೇ ನಿಮ್ಮ ಪರದೆ ನೋಡುವ ಆ್ಯಪ್ ಹಾಕಿಕೊಳ್ಳಿ ಅಂದರೆ, ಫೋನ್ ಇಟ್ಟುಬಿಡಿ.